‘ಸಲ್ಲಿ’ಯ ಕೊನೆಯ ‘ಯಾ’ ಎಲ್ಲಿ ಹೋಯಿತು? ಅರಬಿಯಲ್ಲಿ ನೀನು, ಅವನು, ನಾವು ಎಲ್ಲರಿಗೂ ಆಜ್ಞೆ

ನಸೀಮಾ_ಡಿಟಿಪಿ

ಎಲ್ಲರಿಗೂ ಸಲಾಂ, ನಮಸ್ಕಾರ. ಮಂಗಳೂರಿನಲ್ಲಿ ಡಿಟಿಪಿ ಕೆಲಸ ಮಾಡ್ತೇನೆ. ಮದುವೆ ಕಾಗದ, ಮಜ್ಲಿಸಿನ ಬ್ಯಾನರ್ ಹೆಚ್ಚಾಗಿ ನನ್ನ ಹತ್ತಿರವೇ ಬರ್ತದೆ. ಮೊನ್ನೆ ಒಂದು ಕಾಗದದ ಮೇಲ್ಗಡೆ ‘ಅಲ್ಲಾಹುಮ್ಮ ಸಲ್ಲಿ ಅಲಾ ಮುಹಮ್ಮದ್’, ಅಲ್ಲಾಹನೇ, ಮುಹಮ್ಮದರ ಮೇಲೆ ಕರುಣೆ ತೋರು, ಅಂತ ಅರಬಿಯಲ್ಲಿ ಹಾಕಬೇಕಿತ್ತು. ಗಿರಾಕಿ ಮೊಬೈಲಿನಲ್ಲಿ ಕಳಿಸಿದ್ದನ್ನೇ ಹಾಗೆಯೇ ಹಾಕಿದೆ. ಅದರಲ್ಲಿ ‘ಸಲ್ಲಿ’ಗೆ ಮೂರು ಅಕ್ಷರ ಇತ್ತು: ಸ್ವಾದ್, ಲಾಮ್, ಯಾ. ಪ್ರೂಫ್ ನೋಡಿದ ಉಸ್ತಾದರು ಯಾ ತೆಗೆಯಿರಿ, ಅದು ಹೆಂಗಸಿಗೆ ಹೇಳಿದ ಹಾಗೆ ಆಗ್ತದೆ ಅಂದರು. ತೆಗೆದರೆ ಬರೀ ಸ್ವಾದ್ ಮತ್ತು ಲಾಮ್ ಉಳಿಯಿತು. ಗಿರಾಕಿಗೆ ಅದು ಸಮಾಧಾನ ಇಲ್ಲ, ‘ಅಕ್ಷರ ಬಿಟ್ಟು ಹೋಗಿದೆ’ ಅಂತ ಹೇಳ್ತಿದ್ದಾರೆ. ಎರಡು ವರ್ಷದಿಂದ ಸ್ವಲ್ಪ ಸ್ವಲ್ಪ ನಹ್ವ್, ಅಂದರೆ ಅರಬಿ ವ್ಯಾಕರಣ, ಓದ್ತಾ ಇದ್ದೇನೆ. ಆಜ್ಞೆ ಮಾಡುವಾಗ ಕೊನೆಯ ದುರ್ಬಲ ಅಕ್ಷರ ಬಿದ್ದು ಹೋಗ್ತದೆ ಅಂತ ಗೊತ್ತುಂಟು. ಆದರೆ ಯಾಕೆ ಬೀಳ್ತದೆ, ಯಾರಿಗೆ ಹೇಳುವಾಗ ಬೀಳುವುದಿಲ್ಲ, ಅದು ತಲೆಗೆ ಹತ್ತಿಲ್ಲ. ಕಾಗದ ಪ್ರೆಸ್ಸಿಗೆ ಹೋಗುವ ಮೊದಲು ಗಿರಾಕಿಗೆ ಬಿಡಿಸಿ ಹೇಳಬೇಕು.

ತೌಸೀಫ್_ಭಟ್ಕಳ

ನಸೀಮಾ ಅಕ್ಕ, ಉಸ್ತಾದರು ಹೇಳಿದ್ದೇ ಸರಿ. ನಿಯಮ ಸುಲಭ: ಅಮ್ರ್, ಅಂದರೆ ಆಜ್ಞೆ, ಬಂತು ಅಂದರೆ ಕೊನೆಯ ಅಲಿಫ್, ವಾವ್, ಯಾ ಯಾವುದಿದ್ದರೂ ತೆಗೆಯಬೇಕು. ‘ಲಾ’ ಹಾಕಿ ಬೇಡ ಅನ್ನುವಾಗಲೂ ಅಷ್ಟೇ. ಲಾ ಕಂಡರೆ ಕೊನೆಯ ಅಕ್ಷರ ಹೋಯಿತು ಅಂತಲೇ ಲೆಕ್ಕ. ಗಿರಾಕಿಗೆ ಸೂರಾ ಅಲ್-ಕೌಸರ್ ತೋರಿಸಿ. ‘ಫಸಲ್ಲಿ ಲಿರಬ್ಬಿಕ ವನ್‌ಹರ್’ ಎಲ್ಲರಿಗೂ ಬಾಯಿಪಾಠ. ಮುಸ್‌ಹಫ್ ತೆರೆದು ನೋಡಿದರೆ ಅಲ್ಲಿ ಯಾ ಇಲ್ಲ.

ನಸೀಮಾ_ಡಿಟಿಪಿ

ಅಲ್-ಕೌಸರ್ ತೋರಿಸಿದೆ, ಅವರು ಅರ್ಧ ಒಪ್ಪಿದರು. ಆದರೆ ಒಡನೆ ಇನ್ನೊಂದು ಕೇಳಿದರು. ಅಲ್-ಅಹ್ಝಾಬಿನ 56ನೇ ಆಯತ್‌ನಲ್ಲಿ ‘ಸಲ್ಲೂ ಅಲೈಹಿ ವ ಸಲ್ಲಿಮೂ ತಸ್ಲೀಮಾ’ ಅಂತ ಉಂಟಲ್ಲ, ಅದೂ ಆಜ್ಞೆಯೇ, ಅಲ್ಲಿ ಕೊನೆಗೆ ವಾವ್ ಉಂಟಲ್ಲ, ಅದನ್ನು ಯಾಕೆ ತೆಗೆಯಲಿಲ್ಲ ಅಂತ. ನನಗೆ ಉತ್ತರ ಗೊತ್ತಾಗಲಿಲ್ಲ.

ತೌಸೀಫ್_ಭಟ್ಕಳ

ಅದು ಬಹುವಚನ, ಬಹುವಚನಕ್ಕೆ ನಿಯಮ ಅನ್ವಯ ಆಗುವುದಿಲ್ಲ ಅಂತ ಕಾಣ್ತದೆ.

ಅರಬಿ_ಮೇಷ್ಟ್ರು

ಅನ್ವಯ ಆಗುತ್ತದೆ ತೌಸೀಫ್. ಅಲ್ಲಿಯೂ ಒಂದು ಅಕ್ಷರ ಬಿದ್ದಿದೆ, ಆದರೆ ಬಿದ್ದದ್ದು ವಾವ್ ಅಲ್ಲ. ನಸೀಮಾ, ನಿಮ್ಮ ಗಿರಾಕಿ ಎತ್ತಿಕೊಂಡ ಆಯತ್‌ನಲ್ಲೇ ಉತ್ತರ ಇದೆ. ‘ಸಲ್ಲೂ’ ಪಕ್ಕದಲ್ಲೇ ‘ಸಲ್ಲಿಮೂ’ ನಿಂತಿದೆ ನೋಡಿ. ಎರಡೂ ಒಂದೇ ಅಚ್ಚಿನ ಕ್ರಿಯಾಪದಗಳು. ವ್ಯತ್ಯಾಸ ಇಷ್ಟೇ: ಸಲ್ಲಿಮ್‌ನ ಕೊನೆಯಲ್ಲಿ ಗಟ್ಟಿ ಅಕ್ಷರ ಮೀಮ್ ಇದೆ, ಸಲ್ಲಿಯ ಕೊನೆಯಲ್ಲಿ ಬಡಪಾಯಿ ಯಾ. ಆದ್ದರಿಂದ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನಡೆಸೋಣ.

‘ಅವನು ಸಲಾಂ ಹೇಳುತ್ತಾನೆ’ ಅನ್ನುವುದು ಯುಸಲ್ಲಿಮು. ಇದರ ಜಝ್ಮ್ ರೂಪ, ಅಂದರೆ ಕೊನೆ ಕತ್ತರಿಸಿದ ರೂಪ, ಯುಸಲ್ಲಿಮ್. ಕೊನೆಯ ಉಕಾರ ಹೋಗಿ ಮೀಮಿನ ಮೇಲೆ ಸ್ವರ ಇಲ್ಲ ಅನ್ನುವ ಗುರುತು, ಸುಕೂನ್, ಬಂತು. ‘ನೀನು’ ಅನ್ನುವುದಕ್ಕೆ ತುಸಲ್ಲಿಮು, ಜಝ್ಮ್‌ನಲ್ಲಿ ತುಸಲ್ಲಿಮ್. ಮುಂದಿನ ‘ತು’ ಕಳಚಿದರೆ ಸಲ್ಲಿಮ್. ಅದೇ ಆಜ್ಞೆ. ಅಂದರೆ ಆಜ್ಞೆ ಬೇರೆ ಕಡೆಯಿಂದ ಹುಟ್ಟುವುದಿಲ್ಲ, ಜಝ್ಮ್ ರೂಪದ ತಲೆ ಕಳಚಿದರೆ ಸಿಗುತ್ತದೆ. ‘ಬರೆಯುತ್ತಾನೆ’ ಅನ್ನುವ ಯಕ್ತುಬು ಅಂಥದ್ದರಲ್ಲಿ ತಲೆ ಕಳಚಿದ ಮೇಲೆ ‘ಕ್ತುಬ್’ ಉಳಿಯುತ್ತದೆ, ಅರಬರ ನಾಲಿಗೆಗೆ ಒತ್ತಕ್ಷರದಿಂದ ಶುರು ಮಾಡಲು ಬರುವುದಿಲ್ಲ, ಅದಕ್ಕೇ ಮುಂದೆ ಒಂದು ಅಲಿಫ್ ಇಟ್ಟು ಉಕ್ತುಬ್ ಅನ್ನುತ್ತಾರೆ. ಸಲ್ಲಿಮ್‌ಗೆ ಆ ತೊಂದರೆ ಇಲ್ಲ.

ಈಗ ಅದೇ ದಾರಿಯಲ್ಲಿ ಯುಸಲ್ಲೀ ತನ್ನಿ. ಇಲ್ಲಿ ತೆಗೆಯಲು ಕೊನೆಯಲ್ಲಿ ಕೇಳಿಸುವ ಉಕಾರವೇ ಇಲ್ಲ, ಅದು ಯಾ ಒಳಗೆ ಮೊದಲೇ ಅಡಗಿಹೋಗಿದೆ. ಜಝ್ಮ್ ಏನನ್ನಾದರೂ ತೆಗೆದುಕೊಂಡೇ ಹೋಗಬೇಕು. ಉಕಾರ ಸಿಗದಿದ್ದಾಗ ಯಾ ಅನ್ನೇ ತೆಗೆದುಕೊಂಡು ಹೋಗುತ್ತದೆ. ಯುಸಲ್ಲಿ, ತುಸಲ್ಲಿ, ತಲೆ ಕಳಚಿದರೆ ಸಲ್ಲಿ. ಉಳಿದ ಗಿಡ್ಡ ಇಕಾರ ‘ಇಲ್ಲಿ ಒಂದು ಯಾ ಇತ್ತು’ ಅನ್ನುವ ಗುರುತು.

ಬಹುವಚನದಲ್ಲಿ ‘ನೀವು ಸಲಾಂ ಹೇಳುತ್ತೀರಿ’ ತುಸಲ್ಲಿಮೂನ. ಜಝ್ಮ್ ಇಲ್ಲಿ ಕೊನೆಯ ನೂನ್ ತೆಗೆಯುತ್ತದೆ: ತುಸಲ್ಲಿಮೂ, ಆಜ್ಞೆ ಸಲ್ಲಿಮೂ. ತುಸಲ್ಲೂನ ಕೂಡ ಹಾಗೆಯೇ ತುಸಲ್ಲೂ, ಸಲ್ಲೂ. ಆ ವಾವ್ ಧಾತುವಿನದ್ದಲ್ಲ, ‘ನೀವು’ ಅನ್ನುವ ಗುರುತು. ಧಾತುವಿನ ಯಾ ಅದಕ್ಕೂ ಮುಂಚೆಯೇ ಆ ವಾವ್‌ಗೆ ಜಾಗ ಬಿಟ್ಟು ಹೋಗಿರುತ್ತದೆ.

ಹೆಂಗಸೊಬ್ಬಳಿಗೆ ತುಸಲ್ಲಿಮೀನ, ಸಲ್ಲಿಮೀ. ಪಕ್ಕದಲ್ಲಿ ತುಸಲ್ಲೀನ, ಸಲ್ಲೀ. ನಿಮ್ಮ ಗಿರಾಕಿಯ ಕಾಗದದಲ್ಲಿದ್ದ ಯಾ ಇದು. ಧಾತುವಿನ ಯಾ ಉಳಿದುಕೊಂಡದ್ದಲ್ಲ, ‘ನೀನು, ಹೆಣ್ಣು’ ಅನ್ನುವ ಗುರುತು ಹೊಸದಾಗಿ ಬಂದದ್ದು. ಗಿರಾಕಿಗೆ ಒಂದೇ ಮಾತು ಕೇಳಿ. ದುಆದಲ್ಲಿ ‘ಅಲ್ಲಾಹುಮ್ಮ ಸಲ್ಲಿ ವ ಸಲ್ಲಿಮ್’ ಅನ್ನುತ್ತೇವೆ. ಅಲ್ಲಿ ಯಾರಾದರೂ ‘ಸಲ್ಲಿಮೀ’ ಅಂತ ಬರೆದರೆ ಅವರು ಒಪ್ಪುತ್ತಾರೆಯೇ? ಒಪ್ಪದಿದ್ದರೆ ಪಕ್ಕದ ಸಲ್ಲಿಗೂ ಯಾ ಹಾಕುವಂತಿಲ್ಲ.

ನಸೀಮಾ_ಡಿಟಿಪಿ

ಮೇಷ್ಟ್ರೇ, ಎರಡು ವರ್ಷದಿಂದ ‘ಯಾ ಬೀಳ್ತದೆ’ ಅಂತ ಬಾಯಿಪಾಠ ಮಾಡಿದ್ದು ಇವತ್ತು ಕಣ್ಣಿಗೆ ಕಾಣಿಸಿತು. ಸಲ್ಲಿಮ್ ಪಕ್ಕದಲ್ಲಿಟ್ಟು ನೋಡುವುದು ಯಾರೂ ಹೇಳಿರಲಿಲ್ಲ.

ಕುವೈತ್_ರಿಟರ್ನ್_ಶೆಟ್ರು

ನಾನು ಹದಿನಾಲ್ಕು ವರ್ಷ ಕುವೈತಲ್ಲಿದ್ದೆ ಮಾರಾಯ್ರೆ. ವ್ಯಾಕರಣ ಓದಿದವ ಅಲ್ಲ, ಕಿವಿಯಲ್ಲಿ ಕಲಿತದ್ದು. ಅಲ್ಲಿ ಯಾರೂ ಏನನ್ನೂ ಬೀಳಿಸುವುದನ್ನು ನಾನು ಕೇಳಿಲ್ಲ. ಗಂಡಸಿಗೂ ‘ಇಮ್ಶೀ’, ಹೆಂಗಸಿಗೂ ‘ಇಮ್ಶೀ’. ಹೋಗು ಅಂದರೆ ‘ರೂಹ್’, ಉದ್ದ ಎಳೆದು. ‘ಅವನು ಹೋಗಲಿ ಬಿಡು’ ಅನ್ನುವುದಕ್ಕೆ ‘ಖಲ್ಲೀ ಯಿರೂಹ್’. ಮಾತು ಮುಗಿಸುವಾಗ ‘ಖಲ್ಲೀ ವಲ್ಲೀ’ ಅಂತೂ ದಿನಕ್ಕೆ ಐವತ್ತು ಸಲ. ನೀವು ಹೇಳುವ ಅರಬಿಗೂ ನಾನು ಮಾತಾಡಿದ ಅರಬಿಗೂ ಸಂಬಂಧ ಉಂಟಾ?

ಅರಬಿ_ಮೇಷ್ಟ್ರು

ಶೆಟ್ರೇ, ನಸೀಮಾ ಅವರ ಕಾಗದಕ್ಕೆ ಆ ಯಾ ಎಲ್ಲಿಂದ ಬಂತು ಅನ್ನುವುದನ್ನು ನೀವೇ ಹೇಳಿಬಿಟ್ಟಿರಿ. ಹಲವು ಕಡೆಯ ಆಡುಮಾತಿನಲ್ಲಿ ಇಂಥ ಕ್ರಿಯಾಪದಗಳ ಕೊನೆ ಬೀಳುವುದಿಲ್ಲ, ಗಂಡು ಹೆಣ್ಣು ಎರಡಕ್ಕೂ ಒಂದೇ ರೂಪ. ಈಜಿಪ್ಟಿನಲ್ಲೂ ಅಷ್ಟೇ. ಆಡುವ ಹಾಗೆಯೇ ಮೊಬೈಲಿನಲ್ಲಿ ಟೈಪ್ ಮಾಡಿದಾಗ ಸ್ವಾದ್, ಲಾಮ್, ಯಾ ಆಗುತ್ತದೆ. ಅದೇ ಚಿತ್ರಗಳಲ್ಲಿ, ಸ್ಟಿಕ್ಕರುಗಳಲ್ಲಿ ಊರೂರು ಸುತ್ತಿ ನಮ್ಮ ಬ್ಯಾನರುಗಳಿಗೂ ಬರುತ್ತದೆ. ಆಡುಮಾತಿಗೆ ಅದು ತಪ್ಪಲ್ಲ, ಗ್ರಂಥದ ಅರಬಿಗೆ ತಪ್ಪು.

ನಿಮ್ಮ ‘ರೂಹ್’ ಗ್ರಂಥದಲ್ಲಿ ‘ರುಹ್’, ಗಿಡ್ಡ. ನಿಮ್ಮ ‘ಖಲ್ಲೀ’ ಗ್ರಂಥದಲ್ಲಿ ‘ಖಲ್ಲಿ’, ನಮ್ಮ ಸಲ್ಲಿಯ ಅಚ್ಚೇ. ‘ಅವನು ಹೋಗಲಿ’ ಅನ್ನುವುದಕ್ಕೆ ನೀವು ಬಳಸಿದ ‘ಖಲ್ಲೀ ಯಿರೂಹ್’ ಇದೆಯಲ್ಲ, ಗ್ರಂಥದಲ್ಲಿ ಆ ಕೆಲಸವನ್ನು ಒಂದೇ ಒಂದು ‘ಲಿ’ ಮಾಡುತ್ತದೆ. ಲಿಯರುಹ್, ಅವನು ಹೋಗಲಿ. ಇದಕ್ಕೆ ಲಾಮುಲ್ ಅಮ್ರ್ ಅನ್ನುತ್ತಾರೆ. ಇಲ್ಲಿ ತಲೆ ಕಳಚುವುದಿಲ್ಲ, ಜಝ್ಮ್ ರೂಪವನ್ನು ಇಡಿಯಾಗಿ ಇಟ್ಟುಕೊಂಡು ಮುಂದೆ ಲಿ ಸೇರಿಸಬೇಕು. ಲಿಯುಸಲ್ಲಿಮ್, ಲಿಯುಸಲ್ಲಿ. ನಾವು ಅನ್ನುವುದಕ್ಕೆ ಲಿನುಸಲ್ಲಿ.

ಸುಮಾ_ಮೈಸೂರು

ಅರಬಿ ನನಗೆ ಬರುವುದಿಲ್ಲ, ಕನ್ನಡ ಎಂ.ಎ. ಮಾಡಿದವಳು. ಆದರೆ ಇದನ್ನು ಓದುತ್ತಾ ಕಣ್ಣರಳಿತು. ಕನ್ನಡದ ವಿಧ್ಯರ್ಥಕದಲ್ಲೂ ಎಲ್ಲ ಪುರುಷಗಳಿಗೂ ರೂಪ ಇದೆ: ನೀನು ಬರೆ, ನೀವು ಬರೆಯಿರಿ, ಅವನು ಬರೆಯಲಿ, ನಾವು ಬರೆಯೋಣ. ‘ನಾನು ಬರೆಯಲಾ’ ಅಂತ ಕೇಳುವುದರಲ್ಲೂ ಅದೇ ‘ಅಲ್’ ಇದೆ. ಪ್ರಥಮ ಪುರುಷಕ್ಕೆ ನಮ್ಮದು ಕೊನೆಯಲ್ಲಿ ‘ಲಿ’, ಅವರದ್ದು ಮೊದಲಲ್ಲಿ ‘ಲಿ’! ಬರೆಯಲಿ, ಲಿಯಕ್ತುಬ್. ಎರಡು ಭಾಷೆಗೂ ನಂಟಿಲ್ಲ, ಬರೀ ಕಾಕತಾಳೀಯ ಅಂತ ಗೊತ್ತು. ಆದರೂ ನೆನಪಿಟ್ಟುಕೊಳ್ಳಲು ಎಷ್ಟು ಚೆಂದ!

ಅರಬಿ_ಮೇಷ್ಟ್ರು

ಸುಮಾ ಅವರೇ, ನೀವು ಹೇಳಿದ್ದರಲ್ಲಿ ನಿಮಗೇ ಗೊತ್ತಿಲ್ಲದ ಇನ್ನೊಂದು ಲಾಭ ಇದೆ. ಅರಬಿಯಲ್ಲಿ ಇನ್ನೊಂದು ‘ಲಿ’ ಉಂಟು, ಅದು ಉದ್ದೇಶ ಹೇಳುವುದು. ಲಿಯಕ್ತುಬ್ ಅಂದರೆ ‘ಅವನು ಬರೆಯಲಿ’. ಲಿಯಕ್ತುಬ ಅಂದರೆ ‘ಅವನು ಬರೆಯಲಿಕ್ಕೆ’. ಕನ್ನಡದಲ್ಲಿ ‘ಕ್ಕೆ’ ಬಂದರೆ ಆಜ್ಞೆ ಹೋಗಿ ಉದ್ದೇಶ ಆಗುತ್ತದೆ, ಅರಬಿಯಲ್ಲಿ ಕೊನೆಗೆ ಒಂದು ಅಕಾರ ಬಂದರೆ ಹಾಗಾಗುತ್ತದೆ. ದುರ್ಬಲ ಕೊನೆಯಲ್ಲಿ ಇದು ಇನ್ನೂ ಸ್ಪಷ್ಟ. ನಮ್ಮ ಸಲ್ಲಿಗೆ ‘ನಮಾಝ್ ಮಾಡು’ ಅನ್ನುವ ಅರ್ಥವೂ ಇದೆ, ಅದನ್ನೇ ತೆಗೆದುಕೊಳ್ಳಿ. ಲಿಯುಸಲ್ಲಿ, ನಮಾಝ್ ಮಾಡಲಿ, ಯಾ ಇಲ್ಲ. ಲಿಯುಸಲ್ಲಿಯ, ನಮಾಝ್ ಮಾಡಲಿಕ್ಕೆ, ಯಾ ಇದೆ, ಅದರ ಮೇಲೆ ಅಕಾರವೂ ಇದೆ.

ಕಷ್ಟ ಬರುವುದು ಬಹುವಚನದಲ್ಲಿ. ಲಿಯಕ್ತುಬೂ ಅಂದರೆ ‘ಅವರು ಬರೆಯಲಿ’ ಹೌದು, ‘ಅವರು ಬರೆಯಲಿಕ್ಕೆ’ಯೂ ಹೌದು. ಎರಡರಲ್ಲೂ ನೂನ್ ಬಿದ್ದಿರುತ್ತದೆ, ಕೊನೆಯನ್ನು ನೋಡಿ ಏನೂ ಹೇಳಲಾಗದು. ಆಗ ಮುಂದಿನ ಲಾಮ್ ನೋಡಬೇಕು. ಅದಕ್ಕೆ ಮೊದಲು ‘ವ’ ಅಥವಾ ‘ಫ’ ಬಂದರೆ ಆಜ್ಞೆಯ ಲಾಮ್ ಸಾಮಾನ್ಯವಾಗಿ ತನ್ನ ಇಕಾರ ಕಳಕೊಳ್ಳುತ್ತದೆ, ಉದ್ದೇಶದ ಲಾಮ್ ಕಳಕೊಳ್ಳುವುದಿಲ್ಲ. ಅಲ್-ಬಕರಾದ 185 ಮತ್ತು 186ನೇ ಆಯತ್‌ಗಳು ಅಕ್ಕಪಕ್ಕದಲ್ಲೇ ಇವೆ. 185ರಲ್ಲಿ ‘ವಲಿತುಕ್ಮಿಲುಲ್ ಇದ್ದತ’, ನೀವು ಎಣಿಕೆ ಪೂರ್ತಿ ಮಾಡಲಿಕ್ಕೆ. ಲಾಮಿಗೆ ಇಕಾರ ಉಂಟು. 186ರಲ್ಲಿ ‘ಫಲ್‌ಯಸ್ತಜೀಬೂ ಲೀ ವಲ್‌ಯುಅ್‌ಮಿನೂ ಬೀ’, ಅವರು ನನಗೆ ಓಗೊಡಲಿ, ನನ್ನನ್ನು ನಂಬಲಿ. ಲಾಮಿಗೆ ಇಕಾರ ಇಲ್ಲ. ಲಾಮಿನ ಮೇಲೆ ಸುಕೂನ್ ಕಂಡರೆ ಆಜ್ಞೆ ಅಂತ ಧೈರ್ಯವಾಗಿ ಹೇಳಬಹುದು. ಇಕಾರ ಕಂಡರೆ ಮಾತ್ರ ಅಷ್ಟು ಧೈರ್ಯ ಬೇಡ, ಅರ್ಥವನ್ನೂ ನೋಡಬೇಕು. ಅಲ್-ಹಜ್ಜ್‌ನ 29ನೇ ಆಯತ್‌ನ ‘ಸುಮ್ಮಲ್‌ಯಕ್‌ದೂ’ವನ್ನು ಕುರ್‌ಆನ್ ಓದುವ ಕೆಲವು ಪರಂಪರೆಗಳಲ್ಲಿ, ಅಂದರೆ ಕಿರಾಅತ್‌ಗಳಲ್ಲಿ, ‘ಸುಮ್ಮ ಲಿಯಕ್‌ದೂ’ ಅಂತ ಇಕಾರ ಉಳಿಸಿಕೊಂಡೇ ಓದುತ್ತಾರೆ, ಅಲ್ಲಿಯೂ ಅದು ಆಜ್ಞೆಯೇ.

ತೌಸೀಫ್_ಭಟ್ಕಳ

ಸಲ್ಲಾ ಧಾತುವನ್ನೇ ಹುಡುಕಿಕೊಂಡು ಹೋದೆ. ಅನ್-ನಿಸಾ 102 ಸಿಕ್ಕಿತು: ‘ಲಮ್ ಯುಸಲ್ಲೂ ಫಲ್‌ಯುಸಲ್ಲೂ ಮಅಕ’. ಯುದ್ಧದ ಸಮಯದಲ್ಲಿ ಇನ್ನೂ ನಮಾಝ್ ಮಾಡದ ಗುಂಪು ಬಂದು ನಿಮ್ಮ ಜೊತೆ ಮಾಡಲಿ ಅಂತ. ‘ಮಾಡಲಿಲ್ಲ’ ಅನ್ನುವ ‘ಲಮ್’ ಆದ ಮೇಲೂ ಯುಸಲ್ಲೂ, ಆಜ್ಞೆಯ ಲಾಮ್ ಆದ ಮೇಲೂ ಯುಸಲ್ಲೂ. ಎರಡು ಕಡೆಯೂ ನೂನ್ ಬಿದ್ದಿದೆ. ಮೇಷ್ಟ್ರು ‘ಜಝ್ಮ್‌ನಿಂದಲೇ ಆಜ್ಞೆ’ ಅಂದದ್ದು ಇದೇ ಅಲ್ವಾ? ಲಾ ಹಾಕಿದ್ದಕ್ಕೆ ಅತ್-ತೌಬಾ 84 ಇದೆ: ‘ವಲಾ ತುಸಲ್ಲಿ ಅಲಾ ಅಹದಿಮ್ ಮಿನ್‌ಹುಮ್’. ಯಾ ಇಲ್ಲ. ಹಾಗಾಗಿ ಲಾ ಬಂದರೆ ಬೀಳುತ್ತದೆ ಅಂದದ್ದು ಸರಿಯೇ ಆಯಿತು.

ಅರಬಿ_ಮೇಷ್ಟ್ರು

ನಿಸಾದ ಸಾಲು ಬಹಳ ಒಳ್ಳೆಯದು ಹುಡುಕಿದಿರಿ. ಜಝ್ಮ್ ಮಾಡುವ ಎರಡು ಬೇರೆ ಬೇರೆ ಅಕ್ಷರಗಳು, ಒಂದೇ ಫಲ, ಅಕ್ಕಪಕ್ಕದಲ್ಲಿ. ಲಾ ವಿಷಯದಲ್ಲಿ ಮಾತ್ರ ನಿಲ್ಲಿ. ಲಾ ಎರಡು ಥರ ಇದೆ. ‘ಮಾಡಬೇಡ’ ಅನ್ನುವ ಲಾ ಜಝ್ಮ್ ಕೊಡುತ್ತದೆ. ‘ಮಾಡುವುದಿಲ್ಲ’ ಅನ್ನುವ ಲಾ ಏನನ್ನೂ ಮುಟ್ಟುವುದಿಲ್ಲ. ಅಲ್-ಕಸಸ್ 77ರಲ್ಲಿ ‘ವಲಾ ತನ್ಸ ನಸೀಬಕ’, ನಿನ್ನ ಪಾಲನ್ನು ಮರೆಯಬೇಡ, ಕೊನೆ ಗಿಡ್ಡ. ಅಲ್-ಅಅ್‌ಲಾ 6ರಲ್ಲಿ ‘ಸನುಕ್ರಿಉಕ ಫಲಾ ತನ್ಸಾ’, ನಿನಗೆ ಓದಿಸುತ್ತೇವೆ, ನೀನು ಮರೆಯುವುದಿಲ್ಲ, ಕೊನೆ ಉದ್ದ. ನೀವು ಹೇಳಿದ ನಿಯಮ ಹಿಡಿದು ಎರಡನೆಯದನ್ನು ತಿದ್ದಲು ಹೊರಟರೆ ಭರವಸೆಯ ಮಾತು ಅಪ್ಪಣೆಯಾಗಿಬಿಡುತ್ತದೆ. ಲಾ ನೋಡಿ ಕೊನೆಯನ್ನು ಬೀಳಿಸಬೇಡಿ, ಕೊನೆ ನೋಡಿ ಅದು ಯಾವ ಲಾ ಅಂತ ತಿಳಿಯಿರಿ.

ತೌಸೀಫ್_ಭಟ್ಕಳ

ಒಪ್ಪಿದೆ. ಆದರೆ ‘ತನ್ಸಾ’ದಲ್ಲೂ ಅದು ಬೇಡ ಅನ್ನುವ ಲಾ, ಆಯತ್‌ನ ಕೊನೆಯ ಪ್ರಾಸಕ್ಕೋಸ್ಕರ ಅಲಿಫ್ ಬಂದಿದೆ ಅಂತ ಹೇಳಿದವರೂ ಇದ್ದಾರೆ ಅಂತ ನಮ್ಮ ತರಗತಿಯಲ್ಲಿ ಕೇಳಿದ್ದೆ.

ಅರಬಿ_ಮೇಷ್ಟ್ರು

ಇದ್ದಾರೆ. ಹೆಚ್ಚಿನ ವ್ಯಾಖ್ಯಾನಕಾರರು ಅದನ್ನು ‘ಮರೆಯುವುದಿಲ್ಲ’ ಅಂತಲೇ ತೆಗೆದುಕೊಳ್ಳುತ್ತಾರೆ, ನನಗೂ ಅದೇ ಸರಿ ಕಾಣುತ್ತದೆ.

ಕಲಬುರಗಿ_ವಿದ್ಯಾರ್ಥಿ

ಸರ್, ನಂದೊಂದು ಅದರೀ. ಕೊನೀ ಅಕ್ಷರದ ಮಾತು ತಿಳೀತು. ಆದ್ರ ‘ಹೇಳು’ ಅನ್ನಾಕ ‘ಕುಲ್’ ಅಂತೀವಲ್ರೀ, ಅದು ಯಕೂಲುದಿಂದ ಬಂದದ್ದು. ಅಲ್ಲಿ ಬಿದ್ದದ್ದು ನಡುವಿನ ವಾವ್. ಹೆಂಗಸಿಗೆ ಹೇಳೋವಾಗ ಮತ್ತ ‘ಕೂಲೀ’ ಅಂತ ವಾವ್ ವಾಪಸ್ ಬರ್ತದ. ಒಮ್ಮೆ ಹೋಗ್ತದ ಒಮ್ಮೆ ಬರ್ತದ, ಇದರ ಹಿಂದ ಏನರೆ ಲೆಕ್ಕ ಅದನಾ? ಮತ್ತ ಕಹ್ಫ್ ಸೂರಾದಾಗ ‘ವ ಕುಲಿಲ್ ಹಕ್ಕು’ ಅಂತ ಅದ. ಅಲ್ಲಿ ಲಾಮಿಗೆ ಇಕಾರದ ಝೇರ್ ಬಂದದ, ಆದ್ರ ವಾವ್ ಯಾಕ ವಾಪಸ್ ಬರಲಿಲ್ಲ?

ಅರಬಿ_ಮೇಷ್ಟ್ರು

ಕೊನೆಯ ಪ್ರಶ್ನೆ ಬಹಳ ಮಂದಿಗೆ ಹೊಳೆಯುವುದೇ ಇಲ್ಲ. ನಡುವಿನ ವಾವ್ ಬೀಳುವುದಕ್ಕೆ ಕಾರಣ ಬೇರೆ. ಅದನ್ನು ಜಝ್ಮ್ ನೇರವಾಗಿ ತೆಗೆಯುವುದಿಲ್ಲ. ಜಝ್ಮ್ ಬಂದು ಕೊನೆಯ ಲಾಮಿಗೆ ಸುಕೂನ್ ಕೊಡುತ್ತದೆ. ಆಗ ಉದ್ದ ಊಕಾರ, ಅದರ ಹಿಂದೆಯೇ ಸುಕೂನ್ ಇರುವ ಲಾಮ್, ಎರಡು ನಿಶ್ಚಲ ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಜಾಗ ಇಬ್ಬರಿಗೂ ಸಾಲದು, ದುರ್ಬಲನಾದ ವಾವ್ ಹೊರಗೆ ಹೋಗುತ್ತದೆ. ಯಕುಲ್, ಕುಲ್. ಹೆಂಗಸಿಗೆ ಹೇಳುವಾಗ ಲಾಮಿಗೆ ಈಕಾರ ಸೇರಿ ಸುಕೂನ್ ಹೋಯಿತು, ಒತ್ತಡ ಇಲ್ಲ, ವಾವ್ ತನ್ನ ಜಾಗದಲ್ಲೇ ಉಳಿಯುತ್ತದೆ: ಕೂಲೀ. ಬಹುವಚನಕ್ಕೆ ಕೂಲೂ. ಹಲವು ಹೆಂಗಸರಿಗೆ ಹೇಳುವಾಗ ಅವರ ‘ನ’ ಸೇರಿ ಲಾಮಿಗೆ ಮತ್ತೆ ಸುಕೂನ್, ಆದ್ದರಿಂದ ಕುಲ್‌ನ.

‘ಕುಲಿಲ್ ಹಕ್ಕು’ದಲ್ಲಿ ಬಂದ ಝೇರ್ ಕುಲ್‌ನ ಸ್ವಂತದ್ದಲ್ಲ. ಮುಂದಿನ ‘ಅಲ್’ಗೆ ದಾಟಲು ಹಾಕಿದ ಹಲಗೆ ಅದು. ಓದುವವನು ಕುಲ್ ಅಂತ ಅಲ್ಲಿಯೇ ನಿಲ್ಲಿಸಿದರೆ ಹೋಗಿಬಿಡುತ್ತದೆ. ಆಚೆ ದಾಟಿಸಲು ಬಂದ ಸ್ವರವನ್ನು ನಂಬಿ ವಾವ್ ಮನೆಗೆ ವಾಪಸ್ ಬರುವುದಿಲ್ಲ.

ಇದರಿಂದ ಸಲ್ಲಿಗೂ ಒಂದು ಪರೀಕ್ಷೆ ಸಿಗುತ್ತದೆ. ಅಲ್-ಬಕರಾ 282, ಸಾಲದ ಪತ್ರ ಬರೆಯುವ ಆಯತ್, ಕುರ್‌ಆನಿನಲ್ಲೇ ಉದ್ದದ್ದು. ‘ಫಲ್‌ಯಕ್ತುಬ್’, ಬರೆಯುವವನು ಬರೆಯಲಿ. ‘ವಲ್‌ಯತ್ತಕಿಲ್ಲಾಹ’, ಸಾಲ ಪಡೆದವನು ಅಲ್ಲಾಹನಿಗೆ ಅಂಜಲಿ. ಎರಡನೆಯದರ ಮೂಲ ಯತ್ತಕೀ, ಯಾ ಬಿದ್ದಿದೆ. ಆದರೆ ಕೂಡಿಸಿ ಓದುವಾಗ ಕಿವಿಗೆ ಇದು ಗೊತ್ತೇ ಆಗುವುದಿಲ್ಲ, ಯಾ ಇದ್ದಿದ್ದರೂ ಮುಂದಿನ ‘ಅಲ್ಲಾಹ’ಕ್ಕೆ ತಾಗಿ ಗಿಡ್ಡವೇ ಆಗುತ್ತಿತ್ತು. ಅಲ್ಲಿ ನಿಲ್ಲಿಸಿ ನೋಡಿ. ಯಾ ಇದ್ದರೆ ‘ಯತ್ತಕೀ’ ಅಂತ ನಿಲ್ಲಬೇಕು, ಬಿದ್ದಿದ್ದರೆ ‘ಯತ್ತಕ್’ ಅಂತ ನಿಲ್ಲಬೇಕು. ಹಾಗಾಗಿ ಕಿವಿಯನ್ನು ಮಾತ್ರ ನಂಬಿ ಬರೆಯಬಾರದು.

ಕಲಬುರಗಿ_ವಿದ್ಯಾರ್ಥಿ

ಹಲಗೆ ಅಂದಿದ್ದು ತಲ್ಯಾಗ ಕುಂತಿತು ಸರ್.

ವೇದಪಾಠಿ

ಇಲ್ಲಿ ಎಲ್ಲರೂ ಹೇಳುತ್ತಿರುವುದು ನಮ್ಮ ಲೋಟ್ ಲಕಾರವೇ ಅಲ್ಲವೇ? ಗಚ್ಛತು, ಗಚ್ಛ, ಗಚ್ಛಾನಿ. ಪ್ರಥಮ, ಮಧ್ಯಮ, ಉತ್ತಮ ಮೂರಕ್ಕೂ ಪ್ರತ್ಯಯಗಳಿವೆ. ಅರಬಿಯಲ್ಲೂ ಅಂಥದ್ದೇ ಒಂದು ಲಕಾರ ಇದೆ ಅಂತ ಅರ್ಥ ಮಾಡಿಕೊಂಡೆ.

ಅರಬಿ_ಮೇಷ್ಟ್ರು

ಕೆಲಸ ಒಂದೇ, ಕಟ್ಟಡ ಬೇರೆ. ಲೋಟ್‌ಗೆ ತನ್ನದೇ ಪ್ರತ್ಯಯಗಳಿವೆ. ಅರಬಿಯಲ್ಲಿ ‘ಅವನು’, ‘ನಾವು’ಗಳಿಗೆ ಆಜ್ಞೆಯದ್ದೇ ಆದ ರೂಪ ಇಲ್ಲ, ‘ಲಮ್’ ಆದ ಮೇಲೆ ಬರುವ ಅದೇ ಜಝ್ಮ್ ರೂಪವನ್ನು ಎರವಲು ತಂದು ಲಿ ಹಚ್ಚುತ್ತಾರೆ. ‘ನೀನು’ ಮಾತ್ರ ತಲೆ ಕಳಚಿಕೊಂಡು ನಿಲ್ಲುತ್ತದೆ. ಈ ‘ನೀನು’ ನಿಜಕ್ಕೂ ಏನು ಅನ್ನುವುದರ ಮೇಲೆ ಬಸ್ರಾ ಮತ್ತು ಕೂಫಾದ ವ್ಯಾಕರಣಕಾರರಿಗೆ ಹಳೆಯ ಜಗಳ. ಕೂಫಾದವರು ಹೇಳುವುದು: ಅದೂ ಮೊದಲು ‘ಲಿತಕ್ತುಬ್’ ಅಂತಲೇ ಇತ್ತು, ಬಹಳ ಬಳಸಿ ಬಳಸಿ ಮುಂದಿನ ‘ಲಿತ’ ಸವೆದುಹೋಯಿತು, ಆದ್ದರಿಂದ ಉಕ್ತುಬ್ ಕೂಡ ಜಝ್ಮ್ ಆದ ಪದವೇ. ಬಸ್ರಾದವರು ಒಪ್ಪುವುದಿಲ್ಲ. ಉಕ್ತುಬ್‌ನ ಕೊನೆ ಕಟ್ಟಿಟ್ಟದ್ದು, ಯಾವ ಅಕ್ಷರದ ಪ್ರಭಾವದಿಂದಲೂ ಬಂದದ್ದಲ್ಲ, ಜಝ್ಮ್‌ನ ಹಾಗೆ ಕಾಣುತ್ತದೆ ಅಷ್ಟೇ ಅನ್ನುತ್ತಾರೆ. ಯೂನುಸ್ ಸೂರಾದ 58ನೇ ಆಯತ್‌ನಲ್ಲಿ ಹೆಚ್ಚಿನವರು ‘ಫಲ್‌ಯಫ್ರಹೂ’, ಅವರು ಸಂತೋಷಪಡಲಿ ಅಂತ ಓದುತ್ತಾರೆ. ಯಅ್‌ಕೂಬರ ಕಿರಾಅತ್‌ನಲ್ಲಿ ರುವೈಸ್ ಅವರ ಓದು ‘ಫಲ್‌ತಫ್ರಹೂ’. ಎದುರಿಗಿದ್ದವರಿಗೇ ಲಾಮ್ ಹಚ್ಚಿ ಹೇಳಿದ ಆಜ್ಞೆ! ಕೂಫಾದವರಿಗೆ ಇದೊಂದು ದೊಡ್ಡ ಬಲ. ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ಬಸ್ರಾದ ದಾರಿ ಹಿಡಿಯುತ್ತವೆ. ನನಗೆ ಕಲಿಸುವಾಗ ಕೂಫಾದ ದಾರಿ ಹೆಚ್ಚು ಉಪಯೋಗಕ್ಕೆ ಬಂದಿದೆ, ಮಕ್ಕಳು ಒಂದೇ ರೂಪ ಕಲಿತರೆ ಸಾಕಾಗುತ್ತದೆ. ಆದರೆ ಅದು ಕಲಿಸುವವನ ಅನುಕೂಲ, ತೀರ್ಪಲ್ಲ.

ಸುಮಾ_ಮೈಸೂರು

‘ನಾನು’ ಅನ್ನುವುದಕ್ಕೆ ಯಾರೂ ಉದಾಹರಣೆ ಕೊಡಲಿಲ್ಲ. ತನಗೆ ತಾನೇ ಆಜ್ಞೆ ಮಾಡಿಕೊಳ್ಳುವುದು ಅರಬಿಯಲ್ಲಿ ಇದೆಯೇ?

ಅರಬಿ_ಮೇಷ್ಟ್ರು

ಅಪರೂಪ, ಆದರೆ ಇದೆ. ನಮ್ಮ ಅದೃಷ್ಟಕ್ಕೆ ಅದೂ ಇದೇ ಸಲ್ಲಾ ಧಾತುವಿನದ್ದೇ. ಅನಸ್ ಬಿನ್ ಮಾಲಿಕ್ ಹೇಳಿದ ಹದೀಸ್. ಅವರ ಅಜ್ಜಿ ಮುಲೈಕಾ ಪ್ರವಾದಿಯವರನ್ನು ಊಟಕ್ಕೆ ಕರೆಯುತ್ತಾರೆ. ಊಟ ಮಾಡಿ ಪ್ರವಾದಿಯವರು ‘ಕೂಮೂ ಫಲ್‌ಉಸಲ್ಲಿ ಲಕುಮ್’ ಅನ್ನುತ್ತಾರೆ. ಏಳಿ, ನಿಮಗೆ ನಮಾಝ್ ಮಾಡಿಸುವೆ. ಬಳಸಿ ಬಳಸಿ ಕಪ್ಪಾಗಿದ್ದ ಚಾಪೆಗೆ ಅನಸ್ ನೀರು ಚಿಮುಕಿಸಿ ಹಾಸುತ್ತಾರೆ.

ಈ ಒಂದು ಪದವನ್ನು ವರದಿಗಾರರು ಬೇರೆ ಬೇರೆ ಥರ ತಲುಪಿಸಿದ್ದಾರೆ. ಯಾ ಇಲ್ಲದೆ ‘ಫಲ್‌ಉಸಲ್ಲಿ’ ಅಂತ ಓದಿದರೆ ಆಜ್ಞೆಯ ಲಾಮ್. ‘ಫಲಿಉಸಲ್ಲಿಯ’ ಅಂತ ಯಾಗೆ ಅಕಾರ ಕೊಟ್ಟರೆ ಉದ್ದೇಶದ ಲಾಮ್, ಏಳಿ, ನಾನು ನಮಾಝ್ ಮಾಡಿಸಲಿಕ್ಕೆ. ಸುಮಾ ಅವರ ‘ಲಿ’ ಮತ್ತು ‘ಲಿಕ್ಕೆ’ ಎರಡೂ ಇಲ್ಲಿ ನಿಂತಿವೆ. ಯಾ ಇದ್ದು ಅದಕ್ಕೆ ಅಕಾರ ಇಲ್ಲದ ಓದೂ ಬಂದಿದೆ. ಅದನ್ನು ಹೇಗೆ ವಿವರಿಸಬೇಕು ಅನ್ನುವುದರಲ್ಲಿ ಪಂಡಿತರು ಒಂದಾಗಿಲ್ಲ. ಆಜ್ಞೆಯೇ, ಆದರೂ ಕೆಲವರ ನುಡಿಯಲ್ಲಿ ಯಾ ಬೀಳದೆ ಉಳಿಯುತ್ತಿತ್ತು ಅನ್ನುವವರು ಒಂದು ಕಡೆ, ಉದ್ದೇಶದ ಲಾಮ್, ಯಾದ ಅಕಾರ ಉಚ್ಚಾರದ ಹಗುರಕ್ಕೆ ಬಿಟ್ಟದ್ದು ಅನ್ನುವವರು ಇನ್ನೊಂದು ಕಡೆ.

ತೌಸೀಫ್_ಭಟ್ಕಳ

ಹಾಗಾದರೆ ಯಾ ಉಳಿಸಿಕೊಳ್ಳುವ ನುಡಿಯೂ ಇತ್ತು ಅಂತಾಯಿತು. ನಸೀಮಾ ಅಕ್ಕನ ಗಿರಾಕಿ ಇದನ್ನೇ ಹಿಡಿದುಕೊಂಡರೆ?

ಅರಬಿ_ಮೇಷ್ಟ್ರು

ಹಿಡಿಯಲಾಗದು. ಅಲ್ಲಿ ಮುಂದೆ ‘ಉ’ ಇದೆ, ಉಸಲ್ಲಿ ಅಂದರೆ ‘ನಾನು’ ಅಂತ ಗೊತ್ತಾಗಿಯೇ ಆಗುತ್ತದೆ, ಯಾ ಉಳಿದರೂ ಬೇರೆ ಅರ್ಥಕ್ಕೆ ಎಡೆ ಇಲ್ಲ. ಕಾಗದದ ಸಲ್ಲಿಗೆ ತಲೆಯೇ ಇಲ್ಲ. ಯಾರಿಗೆ ಹೇಳಿದ್ದು ಅಂತ ತಿಳಿಯಲು ಇರುವುದು ಆ ಕೊನೆಯೊಂದೇ.

ಕುವೈತ್_ರಿಟರ್ನ್_ಶೆಟ್ರು

ಮಜ್ಲಿಸಿನಲ್ಲಿ ಹಾಡುವಾಗ ಎಲ್ಲರೂ ‘ಸಲ್ಲೀ’ ಅಂತ ಉದ್ದ ಎಳೆಯುವುದನ್ನು ನಮ್ಮ ಪಕ್ಕದ ಮನೆಯಿಂದಲೇ ಕೇಳ್ತೇನೆ. ಅದೂ ತಪ್ಪಾ?

ಅರಬಿ_ಮೇಷ್ಟ್ರು

ರಾಗಕ್ಕೆ ಎಳೆದದ್ದು ರಾಗದ್ದು ಶೆಟ್ರೇ. ಬರೆಯುವಾಗ ಆ ಎಳೆತವನ್ನು ಅಕ್ಷರ ಮಾಡಬಾರದು ಅಷ್ಟೇ.

ನಸೀಮಾ_ಡಿಟಿಪಿ

ಗಿರಾಕಿ ಒಪ್ಪಿದರು. ‘ಸಲ್ಲಿಮೀ ಅಂತ ಬರೆಯುತ್ತೀರಾ’ ಅಂತ ಕೇಳಿದ್ದೇ ಕೆಲಸ ಮಾಡಿತು, ಸ್ವಲ್ಪ ಹೊತ್ತು ಸುಮ್ಮನಿದ್ದು ಯಾ ತೆಗೆಯಿರಿ ಅಂದರು. ಆದರೆ ಪ್ರಿಂಟ್ ತೆಗೆದಾಗ ಇನ್ನೊಂದು ತೊಂದರೆ ಕಂಡಿತು, ಡಿಟಿಪಿ ಮಾಡುವವರು ಯಾರಾದರೂ ಇದ್ದರೆ ನೋಡಿಕೊಳ್ಳಿ. ಬರೀ ಸ್ವಾದ್ ಲಾಮ್ ಹಾಕಿದರೆ ಜನ ಹೇಗೆ ಓದಬೇಕು ಅಂತ ತಡವರಿಸ್ತಾರೆ, ಅದಕ್ಕೆ ಲಾಮಿಗೆ ಒತ್ತು ತೋರಿಸುವ ಶದ್ದಾ ಮತ್ತು ಇಕಾರದ ಗೀಟು ಹಾಕಿದೆ. ನಾನು ಬಳಸಿದ ಫಾಂಟಿನಲ್ಲಿ ಆ ಗೀಟು ಅಕ್ಷರದ ಕೆಳಗೆ ಹೋಗಲಿಲ್ಲ, ಲಾಮಿನ ಮೇಲೆಯೇ, ಶದ್ದಾದ ಅಡಿಯಲ್ಲಿ ಕೂತಿತು. ಅಕ್ಷರ ಸಣ್ಣದಾದಾಗ ಗೀಟು ಶದ್ದಾದ ಮೇಲಿದೆಯೋ ಅಡಿಯಲ್ಲಿದೆಯೋ ಕಣ್ಣಿಗೆ ತಿಳಿಯುವುದಿಲ್ಲ. ಮೇ‌ಲಿದೆ ಅಂತ ಓದಿದರೆ ‘ಸಲ್ಲ’ ಆಗ್ತದೆ. ಮುಸ್‌ಹಫ್‌ನ ಅಚ್ಚಿನಲ್ಲಿ ಗೀಟು ಅಕ್ಷರದ ಕೆಳಗೇ ಇರ್ತದೆ, ಅಂಥ ಫಾಂಟಿಗೆ ಬದಲಾಯಿಸಿ ಆ ಸಾಲನ್ನು ನಾಲ್ಕು ಪಾಯಿಂಟ್ ದೊಡ್ಡದು ಮಾಡಿದೆ. ಈಗ ಗೀಟು ಲಾಮಿನ ಅಡಿಯಲ್ಲಿ ಚೆನ್ನಾಗಿ ಕಾಣ್ತದೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗ್ತದೆ.